ಫೋನಿನ ವೈಫೈ ಸ್ವಿಚ್ ಬೂದು ಬಣ್ಣಕ್ಕೆ ತಿರುಗಿದರೆ: ತಪ್ಪು ಅಪ್‌ಡೇಟ್‌ನದೋ, ಬಿದ್ದ ಪೆಟ್ಟಿನದೋ?

ಪ್ರಶ್ನೆ: ಸರ್, ನನ್ನ ಐಫೋನ್ ತಿಂಗಳ ಹಿಂದೆ ಕೈಜಾರಿ ನೆಲಕ್ಕೆ ಬಿತ್ತು. ಗಾಜು ಒಡೆಯಲಿಲ್ಲ, ಎಲ್ಲ ಸರಿಯಾಗೇ ಇತ್ತು. ಮೊನ್ನೆ ರಾತ್ರಿ ಅಪ್‌ಡೇಟ್ ಹಾಕಿದೆ. ಬೆಳಿಗ್ಗೆ ನೋಡಿದರೆ ವೈಫೈ ಸ್ವಿಚ್ ಬೂದು ಬಣ್ಣಕ್ಕೆ ತಿರುಗಿದೆ, ಒತ್ತಿದರೂ ಏನೂ ಆಗಲ್ಲ. ಬ್ಲೂಟೂತ್ ಆನ್ ಮಾಡಿದರೆ ಸುಮ್ನೆ ಸುತ್ತುತ್ತಾ ಇರುತ್ತೆ. ಗೆಳೆಯ ಫ್ಯಾಕ್ಟರಿ ರಿಸೆಟ್ ಮಾಡು ಅಂತಾನೆ. ಅಂಗಡಿಯವರು ಬೋರ್ಡೇ ಬದಲಿಸಬೇಕು ಅಂತಾರೆ. ಯಾರ ಮಾತು ಕೇಳಲಿ? ಮನೆಯಲ್ಲಿ ಆಂಡ್ರಾಯ್ಡ್ ಫೋನೂ ಇದೆ, ಅದಕ್ಕೆ ಹೀಗಾದರೆ ಏನು ಮಾಡಬೇಕು?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಫ್ಯಾಕ್ಟರಿ ರಿಸೆಟ್ ಅಂತೂ ಮಾಡಲೇಬೇಡಿ, ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಒಂದು ಜಾಗ ನೋಡಿ. `Settings > General > About` ತೆರೆದು ಕೆಳಗೆ ಹೋಗಿ. ಅಲ್ಲಿ `Wi-Fi Address` ಅಂತ ಒಂದು ಸಾಲು, ಅದರ ಹತ್ತಿರವೇ `Bluetooth` ಅಂತ ಇನ್ನೊಂದು ಸಾಲು ಇರುತ್ತದೆ. ಸರಿಯಾಗಿರುವ ಫೋನಿನಲ್ಲಿ ಎರಡರ ಮುಂದೆಯೂ ಎರಡೆರಡು ಅಕ್ಷರಗಳ ಆರು ಜೋಡಿ ಕಾಣುತ್ತವೆ, ನಡುವೆ ಎರಡು ಚುಕ್ಕಿ. ವೈಫೈ ಆಫ್ ಇದ್ದರೂ ಐಫೋನಿನಲ್ಲಿ ಈ ವಿಳಾಸ ಕಾಣಬೇಕು. ನಿಮ್ಮ ಫೋನಿನಲ್ಲಿ ಆ ಜಾಗ ಖಾಲಿ ಇದೆಯಾ, `N/A` ಅಂತ ಇದೆಯಾ, ಅಥವಾ ವಿಳಾಸ ಪೂರ್ತಿ ಇದೆಯಾ ನೋಡಿಕೊಳ್ಳಿ. ಮುಂದಿನ ದಾರಿ ಬಹುಮಟ್ಟಿಗೆ ಅದರ ಮೇಲೇ ನಿಂತಿದೆ.

ಕಾರಣ ಇಷ್ಟು. ಪರದೆಯ ಮೇಲಿನ ವೈಫೈ ಸ್ವಿಚ್ ಗೋಡೆಯ ಲೈಟಿನ ಸ್ವಿಚ್ಚಿನ ಹಾಗೆ ಕರೆಂಟನ್ನು ನೇರವಾಗಿ ಹರಿಸುವುದಿಲ್ಲ. ಅದು ವೈಫೈ ಚಿಪ್‌ಗೆ ಹೋಗುವ ಒಂದು ಕೋರಿಕೆ ಮಾತ್ರ. ಫೋನ್ ಪ್ರತಿ ಸಲ ಆನ್ ಆಗುವಾಗ ಒಳಗೆ ಒಂದು ಸರಣಿ ನಡೆಯುತ್ತದೆ. ಮೊದಲು ಚಿಪ್‌ಗೆ ಕರೆಂಟ್ ಬರುತ್ತದೆ. ಆಮೇಲೆ ಮುಖ್ಯ ಪ್ರೊಸೆಸರ್ ತನ್ನ ಮತ್ತು ಚಿಪ್‌ನ ನಡುವಿನ ಲೈನಿನಲ್ಲಿ ಚಿಪ್ ಇದೆಯೋ ಇಲ್ಲವೋ ಅಂತ ಹುಡುಕುತ್ತದೆ. ಸಿಕ್ಕರೆ ಅದರೊಳಗೆ ಫರ್ಮ್‌ವೇರ್, ಅಂದರೆ ಚಿಪ್ಪನ್ನು ನಡೆಸುವ ಪ್ರೋಗ್ರಾಂ, ತುಂಬುತ್ತದೆ. ಹೆಚ್ಚಿನ ಫೋನುಗಳಲ್ಲಿ ವೈಫೈ ಚಿಪ್ ತನ್ನ ಪ್ರೋಗ್ರಾಂ ಅನ್ನು ತಾನೇ ಇಟ್ಟುಕೊಂಡಿರುವುದಿಲ್ಲ. ಫೋನಿನ ಮೆಮೊರಿಯಿಂದ ಪ್ರತಿ ಸಲ ಹೊಸದಾಗಿ ತುಂಬಬೇಕು. ಚಿಪ್ ಕೊನೆಗೆ ‘ನಾನು ರೆಡಿ’ ಅಂತ ಹೇಳಿದ ಮೇಲೆಯೇ ಸ್ವಿಚ್ ಕೆಲಸ ಮಾಡುತ್ತದೆ. ಈ ಸರಣಿ ಎಲ್ಲೇ ಕಡಿದರೂ ಫೋನ್ ಸ್ವಿಚ್ಚನ್ನು ಬೂದು ಮಾಡಿಬಿಡುತ್ತದೆ. ಎಲ್ಲಿ ಕಡಿದಿದೆ ಅನ್ನುವುದನ್ನು ಮಾತ್ರ ಅದು ನಿಮಗೆ ಹೇಳುವುದಿಲ್ಲ.

ವಿಳಾಸ ಕಾಣುತ್ತಿಲ್ಲ ಅಂದರೆ ಪ್ರೊಸೆಸರ್‌ಗೆ ಚಿಪ್ ಸಿಕ್ಕೇ ಇಲ್ಲ ಅನ್ನುವ ಅನುಮಾನ ಬಲವಾಗುತ್ತದೆ. ವಿಳಾಸ ಇದ್ದೂ ಸ್ವಿಚ್ ಬೂದು ಅಂದರೆ ಸಾಫ್ಟ್‌ವೇರ್ ಕಡೆಯ ಆಸೆ ಇನ್ನೂ ಇದೆ. ಇದು ನೂರಕ್ಕೆ ನೂರು ತೀರ್ಪಲ್ಲ. ಆದರೆ ಮನೆಯಲ್ಲಿ ಕೂತು, ಏನನ್ನೂ ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಬ್ಲೂಟೂತ್ ಕೂಡ ಸುತ್ತುತ್ತಲೇ ಇದೆ ಅಂತ ಬರೆದಿದ್ದೀರಿ. ಅದು ಒಳ್ಳೆಯ ಸುಳಿವು. ಈಗಿನ ಫೋನುಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಸಾಮಾನ್ಯವಾಗಿ ಒಂದೇ ಚಿಪ್‌ನಲ್ಲಿ ಇರುತ್ತವೆ. ಆದರೆ ಪ್ರೊಸೆಸರ್ ಜೊತೆ ಮಾತಾಡುವುದು ಬೇರೆ ಬೇರೆ ಲೈನಿನಲ್ಲಿ. ಹಾಗಾಗಿ ಒಂದು ಲೈನ್ ಕೆಟ್ಟರೆ ಒಂದು ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಎರಡೂ ಒಟ್ಟಿಗೆ ಹೋದವು ಅಂದರೆ ಎರಡಕ್ಕೂ ಸೇರಿದ ಯಾವುದೋ ಕೈಕೊಟ್ಟಿದೆ: ಚಿಪ್‌ಗೆ ಬರುವ ಕರೆಂಟ್, ಚಿಪ್ಪೇ, ಇಲ್ಲವೇ ಅದನ್ನು ಬೋರ್ಡಿಗೆ ಹಿಡಿದಿರುವ ಬೆಸುಗೆ. ವೈಫೈ ಮಾತ್ರ ಹೋಗಿ ಬ್ಲೂಟೂತ್ ಚೆನ್ನಾಗಿದ್ದಿದ್ದರೆ ನಾನು ಸಾಫ್ಟ್‌ವೇರ್ ಕಡೆ ಜಾಸ್ತಿ ಹೊತ್ತು ಹುಡುಕುತ್ತಿದ್ದೆ.

ಇಲ್ಲೇ ಇನ್ನೊಂದು ಮಾತು. ಬಿದ್ದ ಫೋನಿಗೆ ‘ಆಂಟೆನಾ ಹೋಗಿದೆ’ ಅಂತ ಹೇಳುವವರು ಸಿಗುತ್ತಾರೆ. ಆಂಟೆನಾ ಅಥವಾ ಅದರ ಸಂಪರ್ಕ ಬಿಟ್ಟರೆ ಸ್ವಿಚ್ ಬೂದು ಆಗುವುದಿಲ್ಲ. ಸ್ವಿಚ್ ಆನ್ ಆಗುತ್ತದೆ, ಆದರೆ ರೂಟರ್ ಪಕ್ಕದಲ್ಲಿದ್ದರೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ, ಇಲ್ಲವೇ ಪಟ್ಟಿಯೇ ಖಾಲಿ ಇರುತ್ತದೆ. ನಿಮ್ಮದು ಆ ಕಾಯಿಲೆ ಅಲ್ಲ. ಆಂಟೆನಾ ಬದಲಿಸುತ್ತೇನೆ ಅಂದವರಿಗೆ ಫೋನ್ ಕೊಡಬೇಡಿ.

ಈಗ ನಿಮ್ಮನ್ನು ಕಾಡುತ್ತಿರುವ ಪ್ರಶ್ನೆಗೆ ಬರೋಣ. ತಿಂಗಳ ಹಿಂದೆ ಬಿದ್ದಾಗ ಏನೂ ಆಗಲಿಲ್ಲ, ಅಪ್‌ಡೇಟ್ ಹಾಕಿದ ಮರುದಿನವೇ ಹೋಯಿತು. ಹಾಗಾದರೆ ತಪ್ಪು ಅಪ್‌ಡೇಟ್‌ನದೇ ಅಲ್ವಾ? ಹಾಗೆ ಅನ್ನಿಸುವುದು ಸಹಜ, ಆದರೆ ಅದನ್ನೇ ನಂಬಿ ಮುಂದುವರಿಯಬೇಡಿ.

ಚಿಪ್ಪನ್ನು ಬೋರ್ಡಿಗೆ ಹಿಡಿದಿರುವುದು ಅದರ ಹೊಟ್ಟೆಯ ಕೆಳಗಿರುವ ಸಣ್ಣ ಸಣ್ಣ ಬೆಸುಗೆಗಳು. ಹೆಚ್ಚಿನವು ಒಂದು ಮಿಲಿಮೀಟರ್‌ಗಿಂತಲೂ ಚಿಕ್ಕವು. ಫೋನ್ ಮೂಲೆಯ ಮೇಲೆ ಬಿದ್ದಾಗ ಬೋರ್ಡ್ ಒಂದು ಕ್ಷಣ ಬಾಗುತ್ತದೆ, ಗಟ್ಟಿಯಾದ ಚಿಪ್ ಬಾಗುವುದಿಲ್ಲ. ನಡುವೆ ಸಿಕ್ಕಿಕೊಂಡ ಬೆಸುಗೆ ಸೀಳುತ್ತದೆ. ಸೀಳಿದ ಮಾತ್ರಕ್ಕೆ ಅದು ಬಿಟ್ಟುಕೊಳ್ಳುವುದಿಲ್ಲ. ಎರಡು ಮುಖಗಳು ಒಂದಕ್ಕೊಂದು ತಾಗಿಕೊಂಡೇ ಇರಬಹುದು, ಕರೆಂಟ್ ಹರಿಯುತ್ತಲೇ ಇರಬಹುದು. ಫೋನ್ ದಿನವೂ ಬಿಸಿಯಾಗಿ, ತಣ್ಣಗಾಗಿ, ಆ ಸೀಳು ಮೆಲ್ಲಗೆ ಅಗಲವಾಗುತ್ತದೆ. ಅಪ್‌ಡೇಟ್ ಈ ಹೊತ್ತಿಗೆ ಎರಡು ಕೆಲಸ ಮಾಡುತ್ತದೆ. ಪ್ರೊಸೆಸರ್ ಮತ್ತು ಮೆಮೊರಿಯನ್ನು ಬಹಳ ಹೊತ್ತು ದುಡಿಸಿ ಬೋರ್ಡನ್ನು ಬಿಸಿ ಮಾಡುತ್ತದೆ. ಆಮೇಲೆ ಫೋನನ್ನು ರೀಸ್ಟಾರ್ಟ್ ಮಾಡುತ್ತದೆ. ರೀಸ್ಟಾರ್ಟ್ ಅಂದರೆ ಮೇಲೆ ಹೇಳಿದ ಸರಣಿ ಮೊದಲಿನಿಂದ ಶುರು. ಮೊದಲೇ ಎದ್ದು ಕೂತಿದ್ದ ಚಿಪ್ ಹೇಗೋ ಕೆಲಸ ಮಾಡಿಕೊಂಡಿತ್ತು. ಹೊಸದಾಗಿ ಹುಡುಕಿ ಎಬ್ಬಿಸಬೇಕಾದಾಗ ಆ ದುರ್ಬಲ ಬೆಸುಗೆ ತಡೆಯುವುದಿಲ್ಲ. ಅಪ್‌ಡೇಟ್ ಬರದಿದ್ದರೂ ಮುಂದಿನ ಯಾವುದೋ ರೀಸ್ಟಾರ್ಟ್‌ನಲ್ಲಿ ಇದೇ ಆಗುತ್ತಿತ್ತು.

ಇದು ಹೊಸ ಗೊಂದಲವೂ ಅಲ್ಲ. 2013ರಲ್ಲಿ ಐಓಎಸ್ 7 ಬಂದಾಗ ಐಫೋನ್ 4ಎಸ್ ಇಟ್ಟುಕೊಂಡಿದ್ದ ಅನೇಕರು ಇದೇ ಬೂದು ಸ್ವಿಚ್ ಬಗ್ಗೆ ದೂರಿದರು. ಎಲ್ಲರ ಬಾಯಲ್ಲೂ ಅಪ್‌ಡೇಟ್‌ನದೇ ಹೆಸರು. ಆದರೆ ರಿಪೇರಿಯವರು ಅಂಥ ಫೋನುಗಳಲ್ಲಿ ವೈಫೈ ಚಿಪ್ಪನ್ನು ಬಿಸಿ ಮಾಡಿದಾಗ ಅಥವಾ ಬದಲಿಸಿದಾಗ ಅದೇ ಐಓಎಸ್‌ನಲ್ಲಿ ವೈಫೈ ವಾಪಸ್ ಬಂದ ಉದಾಹರಣೆಗಳೂ ಬೇಕಾದಷ್ಟಿದ್ದವು.

ಹಾಗಂತ ಅಪ್‌ಡೇಟ್‌ನಿಂದ ವೈಫೈ ಹೋಗುವುದೇ ಇಲ್ಲ ಅಂತಲ್ಲ. ಹೋಗುತ್ತದೆ. ಹಳೆಯ ನೆಟ್‌ವರ್ಕ್ ಸೆಟ್ಟಿಂಗ್ ಹೊಸ ಆವೃತ್ತಿಗೆ ಹೊಂದದೆ ಸಿಕ್ಕಿಹಾಕಿಕೊಳ್ಳಬಹುದು. ಹೊಸ ಆವೃತ್ತಿಯಲ್ಲೇ ದೋಷ ಇರಬಹುದು. ಎರಡನೆಯದಾದರೆ ಅದೇ ಮಾದರಿಯ ಫೋನ್ ಇರುವ ಬಹಳ ಜನರಿಗೆ ಅದೇ ವಾರ ಅದೇ ತೊಂದರೆ ಬಂದಿರುತ್ತದೆ. ನಿಮ್ಮೊಬ್ಬರಿಗೇ ಬಂದಿದ್ದರೆ, ಅದರಲ್ಲೂ ಫೋನ್ ಬಿದ್ದಿದ್ದರೆ, ಅಪ್‌ಡೇಟನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಆದ್ದರಿಂದ ಸಾಫ್ಟ್‌ವೇರ್‌ಗೆ ಒಂದು ನ್ಯಾಯವಾದ ಅವಕಾಶ ಕೊಡೋಣ, ಅದಕ್ಕಿಂತ ಜಾಸ್ತಿ ಬೇಡ. ಏರೋಪ್ಲೇನ್ ಮೋಡ್ ಆನ್ ಮಾಡಿ, ಅರ್ಧ ನಿಮಿಷ ಬಿಟ್ಟು ಆಫ್ ಮಾಡಿ. ಆಮೇಲೆ ಒತ್ತಾಯದ ರೀಸ್ಟಾರ್ಟ್. ಐಫೋನ್ 8 ಮತ್ತು ಅದರ ನಂತರದವುಗಳಲ್ಲಿ ವಾಲ್ಯೂಮ್ ಏರಿಸುವ ಬಟನ್ ಒತ್ತಿ ಬಿಡಿ, ಇಳಿಸುವ ಬಟನ್ ಒತ್ತಿ ಬಿಡಿ, ತಕ್ಷಣ ಪಕ್ಕದ ಬಟನ್ ಒತ್ತಿ ಹಿಡಿಯಿರಿ. ಆಪಲ್ ಗುರುತು ಬರುವವರೆಗೂ ಕೈ ತೆಗೆಯಬೇಡಿ. ನಡುವೆ ಆಫ್ ಮಾಡುವ ಸ್ಲೈಡರ್ ಬರುತ್ತದೆ, ಅದನ್ನು ನೋಡಿ ಬಿಟ್ಟುಬಿಡುವವರೇ ಜಾಸ್ತಿ. ಇದರಿಂದ ಡೇಟಾ ಹೋಗುವುದಿಲ್ಲ.

ಅದಕ್ಕೂ ಬಗ್ಗದಿದ್ದರೆ `Settings > General > Transfer or Reset iPhone > Reset > Reset Network Settings`. ಫೋಟೋ, ಮೆಸೇಜ್ ಯಾವುದನ್ನೂ ಇದು ಮುಟ್ಟುವುದಿಲ್ಲ. ಆದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು, ವಿಪಿಎನ್ ಸೆಟ್ಟಿಂಗ್‌ಗಳು, ಮೊಬೈಲ್ ಡೇಟಾಗೆ ಬೇಕಾದ ಎಪಿಎನ್ ಸೆಟ್ಟಿಂಗ್‌ಗಳು ಹೋಗುತ್ತವೆ, ಬೇಕಾದುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇದರ ಪಕ್ಕದಲ್ಲೇ `Erase All Content and Settings` ಇದೆ. ಅದರ ಮೇಲೆ ಬೆರಳು ಹೋಗದಂತೆ ನೋಡಿಕೊಳ್ಳಿ.

ಕೊನೆಯದು ಕಂಪ್ಯೂಟರ್ ಮೂಲಕ ಅದೇ ಸಾಫ್ಟ್‌ವೇರನ್ನು ಮತ್ತೆ ಹಾಕುವುದು. ಇದಕ್ಕೆ ಮುಂಚೆ ಕೇಬಲ್ ಹಾಕಿ ಬ್ಯಾಕಪ್ ತೆಗೆದುಕೊಳ್ಳಿ. ಮ್ಯಾಕ್ ಆದರೆ ಫೈಂಡರ್, ವಿಂಡೋಸ್ ಆದರೆ ಆಪಲ್ ಡಿವೈಸಸ್ ಅಥವಾ ಐಟ್ಯೂನ್ಸ್ ಸಾಕು. ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿ, ಆಗ ಉಳಿಸಿಟ್ಟ ಪಾಸ್‌ವರ್ಡ್‌ಗಳು ಮತ್ತು ಹೆಲ್ತ್ ಮಾಹಿತಿಯೂ ಅದರಲ್ಲಿ ಸೇರುತ್ತವೆ. ಆಮೇಲೆ ಫೋನನ್ನು ರಿಕವರಿ ಮೋಡ್‌ಗೆ ತಂದರೆ ಕಂಪ್ಯೂಟರ್ `Update` ಮತ್ತು `Restore` ಅಂತ ಎರಡು ಆಯ್ಕೆ ಕೊಡುತ್ತದೆ. `Update` ಒತ್ತಿ. ಅದು ಡೇಟಾ ಉಳಿಸಿಕೊಂಡೇ ಸಾಫ್ಟ್‌ವೇರನ್ನು ಹೊಸದಾಗಿ ಹಾಕುತ್ತದೆ. ಹೀಗೆ ಹಾಕಿದ ಮೇಲೂ ವಿಳಾಸದ ಜಾಗ ಖಾಲಿ ಇದ್ದರೆ ಸಾಫ್ಟ್‌ವೇರ್ ವಿಚಾರಣೆ ಬಹುತೇಕ ಮುಗಿದಂತೆ.

ಗೆಳೆಯರು ಹೇಳಿದ ಫ್ಯಾಕ್ಟರಿ ರಿಸೆಟ್ ಯಾಕೆ ಬೇಡ ಅಂದೆ ಅಂದರೆ, ಅದು ನಿಮ್ಮ ಡೇಟಾವನ್ನು ಅಳಿಸುತ್ತದೆಯೇ ಹೊರತು ಸೀಳಿದ ಬೆಸುಗೆಯನ್ನು ಕೂಡಿಸುವುದಿಲ್ಲ. ಇನ್ನೂ ಕೆಟ್ಟ ಸಂಗತಿ ಆಮೇಲೆ ಇದೆ. ಅಳಿಸಿದ ಫೋನ್ ಮತ್ತೆ ಶುರುವಾಗುವಾಗ ಇಂಟರ್ನೆಟ್ ಕೇಳುತ್ತದೆ. ವೈಫೈ ಇಲ್ಲದ ಐಫೋನನ್ನು ಮೊಬೈಲ್ ಡೇಟಾ ಅಥವಾ ಕಂಪ್ಯೂಟರ್ ಮೂಲಕ ಆ್ಯಕ್ಟಿವೇಟ್ ಮಾಡಬಹುದು. ಆದರೆ ಬಿದ್ದ ಪೆಟ್ಟಿಗೆ ಸಿಮ್ ನೆಟ್‌ವರ್ಕೂ ಕೆಟ್ಟಿದ್ದರೆ ಫೋನ್ ಸ್ವಾಗತದ ಪರದೆಯಲ್ಲೇ ನಿಂತುಬಿಡಬಹುದು. ಆಗ ವೈಫೈ ಇಲ್ಲದ ಫೋನ್ ಹೋಗಿ ಏನೂ ಇಲ್ಲದ ಫೋನ್ ಕೈಗೆ ಬರುತ್ತದೆ. ಹಳೆಯ ಐಓಎಸ್‌ಗೆ ಇಳಿಸುವ ಸಲಹೆಯೂ ಇಂಥದ್ದೇ. ಆಪಲ್ ಹಳೆಯ ಆವೃತ್ತಿಗಳಿಗೆ ಡಿಜಿಟಲ್ ಸಹಿ ಹಾಕಿ ಒಪ್ಪಿಗೆ ಕೊಡುವುದನ್ನು ಸ್ವಲ್ಪ ದಿನಕ್ಕೇ ನಿಲ್ಲಿಸುತ್ತದೆ, ಆಮೇಲೆ ಅವು ಇನ್‌ಸ್ಟಾಲ್ ಆಗುವುದಿಲ್ಲ.

ಈ ಎರಡು ಮೂರು ದಿನ ಇನ್ನೊಂದನ್ನು ಗಮನಿಸಿ. ಫೋನ್ ರಾತ್ರಿಯೆಲ್ಲ ಆಫ್ ಇದ್ದು ಬೆಳಿಗ್ಗೆ ಆನ್ ಮಾಡಿದಾಗ ವೈಫೈ ಬಂದು, ಸ್ವಲ್ಪ ಹೊತ್ತು ಬಳಸಿ ಫೋನ್ ಬೆಚ್ಚಗಾದ ಮೇಲೆ ಮತ್ತೆ ಬೂದು ಆಗುತ್ತದೆಯಾ? ಅಥವಾ ಉಲ್ಟಾ, ತಣ್ಣಗಿದ್ದಾಗ ಇಲ್ಲದ್ದು ಬಿಸಿಯಾದಾಗ ಬರುತ್ತದೆಯಾ? ಎರಡೂ ಒಡೆದ ಬೆಸುಗೆಯ ಲಕ್ಷಣವೇ. ಬಿಸಿಗೆ ಬೋರ್ಡ್ ಒಂದಷ್ಟು ಹಿಗ್ಗುತ್ತದೆ, ಚಿಪ್ ಇನ್ನೊಂದಷ್ಟು ಹಿಗ್ಗುತ್ತದೆ. ಸೀಳು ಎಲ್ಲಿದೆ ಅನ್ನುವುದರ ಮೇಲೆ ಅದು ಮುಚ್ಚಿಕೊಳ್ಳಲೂಬಹುದು, ತೆರೆದುಕೊಳ್ಳಲೂಬಹುದು. ಸೆಟ್ಟಿಂಗ್ ಕೆಟ್ಟಿದ್ದರೆ ಅದು ಬೆಳಿಗ್ಗೆಯೂ ಕೆಟ್ಟಿರುತ್ತದೆ, ಮಧ್ಯಾಹ್ನವೂ ಕೆಟ್ಟಿರುತ್ತದೆ.

ಆದರೆ ದಯವಿಟ್ಟು ಇದನ್ನು ಗಮನಿಸಿ ಸಾಕು, ಪ್ರಯೋಗ ಮಾಡಬೇಡಿ. ಹೇರ್ ಡ್ರೈಯರ್‌ನಿಂದ ಫೋನ್ ಕಾಯಿಸುವ, ಫ್ರೀಜರಿನಲ್ಲಿಡುವ ವಿಡಿಯೋಗಳು ಬೇಕಾದಷ್ಟಿವೆ. ಬೆಸುಗೆ ಕರಗಲು 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಬೇಕು. ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಸೀಸವಿಲ್ಲದ ಬೆಸುಗೆ ಸುಮಾರು 217 ಡಿಗ್ರಿಯಲ್ಲಿ ಕರಗಲು ಶುರುವಾಗುತ್ತದೆ. ಮುಚ್ಚಿದ ಫೋನಿನ ಹೊರಗಿನಿಂದ ಡ್ರೈಯರ್ ಹಿಡಿದು ಅಷ್ಟು ಬಿಸಿಯನ್ನು ಚಿಪ್‌ಗೆ ಮುಟ್ಟಿಸಲು ಆಗುವುದಿಲ್ಲ. ಅದಕ್ಕೆ ಬಹಳ ಮುಂಚೆಯೇ ಬ್ಯಾಟರಿ ಉಬ್ಬುತ್ತದೆ. ಉಬ್ಬಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು. ಬಿಸಿ ಮಾಡಿದಾಗ ವೈಫೈ ಬಂದಿತು ಅಂದರೆ ಸೀಳು ಆ ಹೊತ್ತಿನ ಮಟ್ಟಿಗೆ ಮುಚ್ಚಿಕೊಂಡಿತು ಅಷ್ಟೇ. ಫ್ರೀಜರ್‌ನಿಂದ ತೆಗೆದ ಫೋನಿನ ಒಳಗೆ ನೀರು ಕಟ್ಟಿಕೊಳ್ಳುತ್ತದೆ, ಅದು ಬೋರ್ಡಿಗೆ ಇನ್ನೊಂದು ರೋಗ.

ಮನೆಯ ಆಂಡ್ರಾಯ್ಡ್ ಫೋನಿನ ವಿಚಾರ. ಅಲ್ಲಿ ತೊಂದರೆ ಎರಡು ರೂಪದಲ್ಲಿ ಕಾಣುತ್ತದೆ. ಒಂದು, ಸ್ವಿಚ್ ಆನ್ ಕಡೆ ಸರಿದು ತಾನೇ ವಾಪಸ್ ಬರುತ್ತದೆ. ಇನ್ನೊಂದು, ಆನ್ ಮಾಡಿದ ಮೇಲೆ ಬೂದು ಆಗಿ ಅಲ್ಲೇ ನಿಲ್ಲುತ್ತದೆ. ವೈಫೈ ಎದ್ದು ನಿಲ್ಲುವವರೆಗೆ ಮತ್ತೆ ಒತ್ತದಿರಲಿ ಅಂತ ಆಂಡ್ರಾಯ್ಡ್ ಸ್ವಿಚ್ಚನ್ನು ಒಂದು ಕ್ಷಣ ನಿಷ್ಕ್ರಿಯ ಮಾಡುತ್ತದೆ. ಸಾಮಾನ್ಯವಾಗಿ ಅದು ಕಣ್ಣಿಗೆ ಬೀಳುವಷ್ಟು ಹೊತ್ತು ಇರುವುದಿಲ್ಲ. ಚಿಪ್ ಉತ್ತರ ಕೊಡದಿದ್ದರೆ ಆ ಒಂದು ಕ್ಷಣ ಮುಗಿಯುವುದೇ ಇಲ್ಲ. ಕೆಲವು ಫೋನುಗಳಲ್ಲಿ ಸ್ವಿಚ್ ಬೂದು ಆಗಿ ಕೆಳಗೆ ಅಡ್ಮಿನ್ ನಿರ್ಬಂಧ ಅಂತ ಸಂದೇಶ ಬರುತ್ತದೆ. ಅದು ಕಚೇರಿ ಕೊಟ್ಟ ಫೋನಿನ ನಿಯಮ, ದೋಷವಲ್ಲ, ಕಚೇರಿಯವರನ್ನೇ ಕೇಳಬೇಕು.

ವಿಳಾಸ ನೋಡುವ ಪರೀಕ್ಷೆ ಇಲ್ಲಿ ಸ್ವಲ್ಪ ಜಾರುವಂಥದ್ದು. `About phone` ಒಳಗೆ `Wi-Fi MAC address` ಇರುತ್ತದೆ, ಆದರೆ ವೈಫೈ ಆಫ್ ಇದ್ದಾಗ ಅನೇಕ ಆಂಡ್ರಾಯ್ಡ್ ಫೋನುಗಳು ಅದನ್ನು ಹೇಗೂ ತೋರಿಸುವುದಿಲ್ಲ. ಆದ್ದರಿಂದ ಬರೀ `Unavailable` ನೋಡಿ ಗಾಬರಿ ಬೇಡ. `02:00:00:00:00:00` ಅಂತ ಕಂಡರೆ ಮಾತ್ರ ಅನುಮಾನ ಪಡಿ. ಅದು ನಿಜವಾದ ವಿಳಾಸ ಸಿಗದಿದ್ದಾಗ ಆಂಡ್ರಾಯ್ಡ್ ಜಾಗ ತುಂಬಲು ಇಡುವ ಸಂಖ್ಯೆ.

ಆಂಡ್ರಾಯ್ಡ್‌ನಲ್ಲಿ ಒಂದು ಅನುಕೂಲ ಇದೆ, ಫೋನ್ ಒಳಗೆ ಏನು ಬರೆದುಕೊಳ್ಳುತ್ತಿದೆ ಅಂತ ಓದಬಹುದು. ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಫೋನಿಗೆ ಕಂಪ್ಯೂಟರ್‌ನಿಂದ ಆಜ್ಞೆ ಕೊಡುವ ಎಡಿಬಿ ಅನ್ನುವ ಪ್ರೋಗ್ರಾಂ ಇರುವ ಕಂಪ್ಯೂಟರ್‌ಗೆ ಕೇಬಲ್ ಹಾಕಿ, ವೈಫೈ ಸ್ವಿಚ್ ಒಮ್ಮೆ ಒತ್ತಿ, ತಕ್ಷಣ ಇದನ್ನು ಕೊಡಿ:

```
adb shell "logcat -d | grep -i wifi"
```

ಬರುವ ರಾಶಿಯಲ್ಲಿ `Failed to load WiFi driver` ಅಥವಾ `Failed to start vendor HAL` ಅನ್ನುವ ಸಾಲು ಇದೆಯಾ ಹುಡುಕಿ. ಇದ್ದರೆ ಸೆಟ್ಟಿಂಗ್ ಮಟ್ಟದ ತೊಂದರೆ ಅಲ್ಲ, ಅದಕ್ಕಿಂತ ಕೆಳಗೆ, ಚಿಪ್ ಜೊತೆ ಮಾತಾಡುವ ಪ್ರೋಗ್ರಾಂ ಆದ ಡ್ರೈವರ್ ಅಥವಾ ಚಿಪ್ ಮಟ್ಟದಲ್ಲೇ ಕಡಿದಿದೆ. ಕಂಪನಿಯ ಸಾಫ್ಟ್‌ವೇರೇ ಇರುವ, ಬಿದ್ದ ಫೋನ್ ಆದರೆ ಚಿಪ್ ಕಡೆ ನೋಡಿ. ಯಾರಾದರೂ ಕಸ್ಟಮ್ ರೋಮ್, ಅಂದರೆ ಕಂಪನಿಯದಲ್ಲದ ಆಂಡ್ರಾಯ್ಡ್, ಅಥವಾ ಆಂಡ್ರಾಯ್ಡ್‌ನ ತಿರುಳಾದ ಕರ್ನಲ್ ಬೇರೆಯದನ್ನು ಹಾಕಿದ್ದರೆ ಮೊದಲು ಅದನ್ನೇ ಅನುಮಾನಿಸಿ. ಕರ್ನಲ್ಲೂ ವೈಫೈ ಡ್ರೈವರ್ರೂ ಒಂದಕ್ಕೊಂದು ಹೊಂದದಿದ್ದರೆ ಚಿಪ್ ಎಷ್ಟೇ ಚೆನ್ನಾಗಿರಲಿ, ವೈಫೈ ಏಳುವುದಿಲ್ಲ. ಆ ಮಾದರಿಯ ಮೂಲ ಸಾಫ್ಟ್‌ವೇರ್ ಪೂರ್ತಿ ಹಾಕಿದರೆ ಅದು ಸರಿಹೋಗುತ್ತದೆ. ಉಳಿದಂತೆ ನೆಟ್‌ವರ್ಕ್ ರಿಸೆಟ್ ಇಲ್ಲೂ ಮಾಡಿ ನೋಡಬಹುದು, ಹೆಚ್ಚಾಗಿ `Settings > System > Reset options` ಒಳಗಿರುತ್ತದೆ. ಫ್ಯಾಕ್ಟರಿ ರಿಸೆಟ್ ಬಗ್ಗೆ ಹೇಳಿದ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ಚಿಪ್ ಕಡೆಯ ತೊಂದರೆ ಅಂತ ಗೊತ್ತಾದ ಮೇಲೆ ರಿಪೇರಿ ಮೇಜಿನಲ್ಲಿ ಏನಾಗುತ್ತದೆ ಅಂತ ತಿಳಿದಿದ್ದರೆ ಅಂಗಡಿಯವರ ಜೊತೆ ಮಾತಾಡುವುದು ಸುಲಭ. ನನ್ನ ಬಳಿ ಬಂದ ಒಂದು ಫೋನಿನ ಕಥೆ ಹೇಳುತ್ತೇನೆ, ನಿಮ್ಮದಕ್ಕೆ ತುಂಬ ಹತ್ತಿರದ್ದು.

ಅದೂ ಮೂಲೆಯ ಮೇಲೆ ಬಿದ್ದಿದ್ದ ಫೋನ್. ಲೋಹದ ಅಂಚಿನಲ್ಲಿ ಒಂದು ಸಣ್ಣ ತಗ್ಗು ಬಿಟ್ಟರೆ ಹೊರಗೆ ಗುರುತಿಲ್ಲ. ವೈಫೈ ಬೂದು, ಬ್ಲೂಟೂತ್ ಸುತ್ತಾಟ, ವಿಳಾಸ `N/A`. ಇನ್ನೊಬ್ಬರು ಆಗಲೇ ಒಮ್ಮೆ ಪೂರ್ತಿ ರಿಸ್ಟೋರ್ ಮಾಡಿದ್ದರು, ಫೋಟೋಗಳು ಹೋಗಿದ್ದವು, ವೈಫೈ ಬಂದಿರಲಿಲ್ಲ. ಬೋರ್ಡ್ ಹೊರತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಚಿಪ್‌ನ ಒಂದು ಬದಿಯಲ್ಲಿ, ತಗ್ಗು ಇದ್ದ ಅಂಚಿನ ಕಡೆಗೇ, ಬೋರ್ಡಿಗೂ ಚಿಪ್‌ಗೂ ನಡುವೆ ಕೂದಲೆಳೆಯಂಥ ಗೆರೆ ಕಾಣುತ್ತಿತ್ತು. ಆದರೆ ಕಣ್ಣಿಗೆ ಕಂಡದ್ದನ್ನೇ ನಂಬಿ ಚಿಪ್ ಎತ್ತುವುದು ಸರಿಯಲ್ಲ. ಮೊದಲು ಮಲ್ಟಿಮೀಟರ್ ಡಯೋಡ್ ಮೋಡ್‌ನಲ್ಲಿಟ್ಟು, ಚಿಪ್‌ಗೆ ಕರೆಂಟ್ ತರುವ ಲೈನುಗಳನ್ನು ಅದೇ ಮಾದರಿಯ ಒಳ್ಳೆಯ ಬೋರ್ಡಿನ ಜೊತೆ ಹೋಲಿಸಿದೆ. ಮೀಟರಿನ ಅಳತೆ ಸೊನ್ನೆಗೆ ಇಳಿದಿದ್ದರೆ ಎಲ್ಲೋ ಶಾರ್ಟ್, ಆಗ ಚಿಪ್ಪೇ ಸುಟ್ಟಿರಬಹುದು ಅಥವಾ ಪಕ್ಕದ ಕೆಪಾಸಿಟರ್ ಹೋಗಿರಬಹುದು. ಇಲ್ಲಿ ಶಾರ್ಟ್ ಇರಲಿಲ್ಲ. ಬದಲಿಗೆ ಚಿಪ್‌ಗೆ ಹೋಗುವ ಒಂದು ಲೈನಿನಲ್ಲಿ ಮೀಟರ್ `OL` ತೋರಿಸಿತು. ಅಂದರೆ ಆ ದಾರಿ ಎಲ್ಲೋ ಕಡಿದಿದೆ. ಒಳ್ಳೆಯ ಬೋರ್ಡಿನಲ್ಲಿ ಅದೇ ಜಾಗ ಸರಿಯಾದ ಅಳತೆ ಕೊಡುತ್ತಿತ್ತು.

ಅಷ್ಟಾದ ಮೇಲೆ ಚಿಪ್ ಎತ್ತಿದೆ. ಬೋರ್ಡನ್ನು ಕೆಳಗಿನಿಂದ ನಿಧಾನವಾಗಿ ಬಿಸಿ ಮಾಡಿ, ಮೇಲಿನಿಂದ ಬಿಸಿಗಾಳಿ ಕೊಟ್ಟು, ಬೆಸುಗೆ ಕರಗಿದ ಗುರುತು ಸಿಕ್ಕಾಗ ಎತ್ತಬೇಕು. ಅವಸರ ಮಾಡಿದರೆ ಬೋರ್ಡಿನ ತಾಮ್ರದ ಬಿಲ್ಲೆಯೂ ಕಿತ್ತುಕೊಂಡು ಬರುತ್ತದೆ. ಚಿಪ್ ಕೆಳಗೆ ಅಂಟು ತುಂಬಿದ ಮಾದರಿಗಳಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಎತ್ತಿ ನೋಡಿದರೆ ಆ ಬದಿಯ ಕೆಲವು ಬಿಲ್ಲೆಗಳು ಹೊಳೆಯುವ ಬದಲು ಮಂಕಾಗಿದ್ದವು. ಬೆಸುಗೆ ಎಂದೋ ಬಿಟ್ಟು, ಬರೀ ತಾಗಿಕೊಂಡಿತ್ತು ಅನ್ನುವುದಕ್ಕೆ ಅದು ಗುರುತು. ಎಲ್ಲ ಶುಚಿ ಮಾಡಿ, ಅಚ್ಚು ಇಟ್ಟು ಹೊಸ ಬೆಸುಗೆಯ ಗುಂಡುಗಳನ್ನು ಕೂರಿಸಿ, ಅದೇ ಚಿಪ್ಪನ್ನು ಮತ್ತೆ ಹಾಕಿದೆ. ನಾವು ಇದಕ್ಕೆ ರೀಬಾಲಿಂಗ್ ಅನ್ನುತ್ತೇವೆ. ಬೋರ್ಡ್ ತಣ್ಣಗಾದ ಮೇಲೆ ಅದೇ ಲೈನು ಅಳೆದಾಗ ಅಳತೆ ಒಳ್ಳೆಯ ಬೋರ್ಡಿಗೆ ಹೊಂದಿತು. ಫೋನ್ ಆನ್ ಆದಾಗ ನಾನು ಮೊದಲು ಸ್ವಿಚ್ ನೋಡಲಿಲ್ಲ, `About` ತೆರೆದೆ. ಎರಡು ವಿಳಾಸಗಳೂ ಇದ್ದವು. ಆಮೇಲೆ ಫೋನನ್ನು ಬಿಸಿಯಾಗುವವರೆಗೂ ಬಳಸಿ, ತಣ್ಣಗಾಗಲು ಬಿಟ್ಟು, ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿ ನೋಡಿಯೇ ವಾಪಸ್ ಕೊಟ್ಟದ್ದು. ಈ ತೊಂದರೆ ಬಿಸಿ ಮತ್ತು ರೀಸ್ಟಾರ್ಟ್‌ನಲ್ಲೇ ತಲೆ ಎತ್ತುವುದರಿಂದ ಮೇಜಿನ ಮೇಲೆ ಒಂದು ಸಲ ವೈಫೈ ಬಂತು ಅಂದರೆ ಸಾಲದು.

ಆ ಫೋನಿನ ಒಡೆಯರಿಗೆ ವೈಫೈ ಸಿಕ್ಕಿತು, ಅಳಿಸಿದ ಫೋಟೋಗಳು ಸಿಗಲಿಲ್ಲ. ನಿಮಗೆ ಬ್ಯಾಕಪ್ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಎಲ್ಲ ಫೋನಿನಲ್ಲೂ ಇದು ಇಷ್ಟು ನೇರವಾಗಿ ಮುಗಿಯುವುದಿಲ್ಲ. ಐಫೋನ್ ಎಕ್ಸ್ ಬಂದಾಗಿನಿಂದ ಅನೇಕ ಮಾದರಿಗಳಲ್ಲಿ ಬೋರ್ಡ್ ಎರಡು ಅಂತಸ್ತಿನದು. ಎರಡು ಬೋರ್ಡುಗಳನ್ನು ನಡುವಿನ ಒಂದು ಚೌಕಟ್ಟು ಬೆಸುಗೆಯಿಂದ ಕೂಡಿಸುತ್ತದೆ. ಬಿದ್ದಾಗ ಚಿಪ್‌ನ ಬೆಸುಗೆ ಗಟ್ಟಿಯಾಗೇ ಇದ್ದು ಈ ಅಂತಸ್ತುಗಳ ನಡುವಿನ ಬೆಸುಗೆ ಬಿಡಬಹುದು. ಆಗ ವೈಫೈ ಜೊತೆಗೆ ಸಿಮ್ ನೆಟ್‌ವರ್ಕ್, ಕೆಲವು ಸಲ ಬೇರೆ ಕೆಲಸಗಳೂ ಬಂದು ಹೋಗಿ ಮಾಡುತ್ತವೆ. ನಿಮ್ಮ ಫೋನಿನಲ್ಲಿ `No Service` ಆಗಾಗ ಬರುತ್ತಿದ್ದರೆ ರಿಪೇರಿಯವರಿಗೆ ಮೊದಲೇ ಹೇಳಿ. ಬೋರ್ಡುಗಳನ್ನು ಬಿಡಿಸಿ ಮತ್ತೆ ಕೂಡಿಸುವುದು ಸಣ್ಣ ಕೆಲಸವಲ್ಲ, ಎಲ್ಲರಿಗೂ ಕೈ ಕೂಡಿ ಬರುವುದಿಲ್ಲ. ಚಿಪ್ಪೇ ಸತ್ತಿದ್ದರೆ ಹೊಸದು ಹಾಕಬೇಕು. ಕೆಲವು ಐಫೋನ್ ಮಾದರಿಗಳಲ್ಲಿ ಚಿಪ್ ಬದಲಿಸಿದರಷ್ಟೇ ಸಾಲದು, ಫೋನಿನ ಮೆಮೊರಿಯಲ್ಲಿ ಬರೆದಿರುವ ಹಳೆಯ ಚಿಪ್‌ನ ವಿವರವನ್ನೂ ಪ್ರೋಗ್ರಾಮರ್‌ನಿಂದ ತಿದ್ದಬೇಕಾಗುತ್ತದೆ.

ಈಗ ಅಂಗಡಿಯವರ ಮಾತು. ಬೋರ್ಡ್ ಬದಲಿಸುವುದು ತಪ್ಪು ಚಿಕಿತ್ಸೆ ಅಲ್ಲ, ಬದಲಿಸಿದರೆ ವೈಫೈ ಬರುತ್ತದೆ. ಆದರೆ ನಿಮ್ಮ ಫೋಟೋ, ಮೆಸೇಜುಗಳಿರುವ ಮೆಮೊರಿ ಚಿಪ್ ಆ ಬೋರ್ಡಿನ ಮೇಲೇ ಇದೆ. ಅದನ್ನು ಬಿಡಿಸುವ ಕೀಲಿ ಅದೇ ಬೋರ್ಡಿನ ಪ್ರೊಸೆಸರ್‌ಗೆ ಕಟ್ಟಿಕೊಂಡಿದೆ. ಬೋರ್ಡ್ ಹೋದರೆ ಡೇಟಾವೂ ಹೋದಂತೆ. ವಾರಂಟಿ ಇನ್ನೂ ಇದ್ದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ಬಿದ್ದ ಪೆಟ್ಟು ಸಾಮಾನ್ಯ ವಾರಂಟಿಯಲ್ಲಿ ಸೇರುವುದಿಲ್ಲ, ಆದರೂ ಹೊರಗೆ ಒಮ್ಮೆ ಬಿಚ್ಚಿಸಿದ ಮೇಲೆ ಅಲ್ಲಿ ಕೇಳುವ ದಾರಿ ಇನ್ನೂ ಕಿರಿದಾಗುತ್ತದೆ. ವಾರಂಟಿ ಇಲ್ಲದಿದ್ದರೆ ಚಿಪ್ ಮಟ್ಟದ ಕೆಲಸ ಮಾಡುವವರನ್ನು ಹುಡುಕಿ, ಎರಡು ಪ್ರಶ್ನೆ ಕೇಳಿ: ಚಿಪ್ ಎತ್ತುವ ಮುಂಚೆ ಲೈನುಗಳನ್ನು ಅಳೆಯುತ್ತೀರಾ? ಕೆಲಸ ಆಗದಿದ್ದರೆ ಫೋನ್ ಈಗಿರುವ ಸ್ಥಿತಿಯಲ್ಲಿ, ಡೇಟಾ ಸಮೇತ ವಾಪಸ್ ಸಿಗುತ್ತದಾ? ಎರಡನೆಯದಕ್ಕೆ ‘ಖಂಡಿತ’ ಅನ್ನುವವರಿಗಿಂತ ಅಪಾಯ ಇಷ್ಟಿದೆ ಅಂತ ಬಿಡಿಸಿ ಹೇಳುವವರನ್ನು ನಾನು ಹೆಚ್ಚು ನಂಬುತ್ತೇನೆ. ಬರೀ ಬಿಸಿ ಮಾಡಿ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅಂಥ ರಿಪೇರಿ ಸ್ವಲ್ಪ ದಿನಕ್ಕೇ ವಾಪಸ್ ಬರುತ್ತದೆ.

ರಿಪೇರಿ ತಡವಾಗುವುದಾದರೆ ಅಥವಾ ಬೇಡವೇ ಬೇಡ ಅನ್ನಿಸಿದರೆ ಮೊಬೈಲ್ ಡೇಟಾದಲ್ಲಿ ಫೋನ್ ಬಳಸುತ್ತಾ ಹೋಗಬಹುದು. ಬೆಸುಗೆ ಸೀಳಿದ್ದಷ್ಟೇ ಆಗಿದ್ದರೆ ಸಾಮಾನ್ಯವಾಗಿ ಬೇರೆ ಭಾಗಕ್ಕೆ ಅದರಿಂದ ತೊಂದರೆ ಇಲ್ಲ. ಆದರೆ ಫೋನ್ ಸುಮ್ಮನೆ ಇಟ್ಟಲ್ಲೇ ಬಿಸಿಯಾಗುವುದು, ಚಾರ್ಜ್ ಬೇಗ ಇಳಿಯುವುದು ಶುರುವಾದರೆ ಎಲ್ಲೋ ಶಾರ್ಟ್ ಇರಬಹುದು, ಆಗ ತಡ ಮಾಡಬೇಡಿ. ದೊಡ್ಡ ಬ್ಯಾಕಪ್‌ಗೆ ಮೊಬೈಲ್ ಡೇಟಾ ಸಾಲದು ಅನ್ನುವುದಾದರೆ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಹಾಕಿ, ರೂಟರ್‌ನಿಂದ ನೇರ ಕೇಬಲ್ ಎಳೆಯಬಹುದು. ಐಫೋನಿನಲ್ಲಿ ಅದನ್ನು ಚುಚ್ಚಿದ ಮೇಲೆ ಮಾತ್ರ `Settings` ಒಳಗೆ `Ethernet` ಅನ್ನುವ ಹೊಸ ಸಾಲು ಕಾಣಿಸಿಕೊಳ್ಳುತ್ತದೆ. ಹಳೆಯ ಲೈಟ್ನಿಂಗ್ ಪೋರ್ಟಿನ ಫೋನ್ ಆದರೆ ಅಡಾಪ್ಟರ್‌ಗೆ ಜೊತೆಯಲ್ಲೇ ಚಾರ್ಜರ್ ಕರೆಂಟ್ ಕೊಡಬಹುದಾದ ಮಾದರಿಯನ್ನೇ ಕೊಳ್ಳಿ, ಇಲ್ಲದಿದ್ದರೆ ಅದಕ್ಕೆ ಸಾಕಷ್ಟು ಕರೆಂಟ್ ಸಿಗದೆ ಆ ಸಾಲು ಬರದೇ ಇರಬಹುದು.